ಮಾತ್ರೆ ಪಟ್ಟಿಯ ಕೆಂಪು ಗೆರೆ, ಪೊಟ್ಟಣದ ಹಸಿರು ಚುಕ್ಕೆ, ಸಿಲಿಂಡರಿನ ಬಣ್ಣ: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದೇ ರಸ್ತೆಯಲ್ಲಿ ದಿನಸಿ ಅಂಗಡಿ, ಔಷಧಿ ಅಂಗಡಿ ಮತ್ತು ಹಾಲಿನ ಬೂತ್ ಸಿಗುತ್ತವೆ. ಅಲ್ಲಿಂದ ನಾವು ತರುವ ಪ್ರತಿ ವಸ್ತುವಿನ ಮೇಲೂ ಬಣ್ಣಗಳಿವೆ. ಅವುಗಳಲ್ಲಿ ಯಾವುದು ನಮಗೆ ಮಾಹಿತಿ ಕೊಡುತ್ತದೆ, ಯಾವುದು ಬರೀ ಅಲಂಕಾರ ಎಂಬ ಗೊಂದಲ ಬಹಳ ಜನರಿಗಿದೆ. ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಮಾತ್ರೆ ಪಟ್ಟಿಗೆ. ಬಣ್ಣವನ್ನು ಗಮನಿಸದೆ ಹೋದರೆ ದೇಹಕ್ಕೆ ನೇರವಾಗಿ ಪೆಟ್ಟು ಬೀಳುವುದು ಅಲ್ಲಿಯೇ.

ಪೊಟ್ಟಣದ ಮೇಲಿನ ಎಲ್ಲ ಬಣ್ಣಗಳಿಗೂ ಅರ್ಥವಿದೆಯೇ?

ಇಲ್ಲ. ಕೆಲವು ಬಣ್ಣಗಳನ್ನು ಕಾನೂನು ಗೊತ್ತುಮಾಡಿದೆ. ಆಹಾರದ ಪೊಟ್ಟಣದ ಹಸಿರು ಚುಕ್ಕೆ, ಮಾತ್ರೆ ಪಟ್ಟಿಯ ಕೆಂಪು ಗೆರೆ ಈ ಗುಂಪಿನವು. ಇವುಗಳ ಅರ್ಥ ದೇಶದ ಯಾವ ಅಂಗಡಿಯಲ್ಲಾದರೂ ಒಂದೇ. ಇನ್ನು ಕೆಲವನ್ನು ಕಂಪನಿಗಳು ತಮ್ಮ ಅನುಕೂಲಕ್ಕೆ ಆರಿಸಿಕೊಂಡಿರುತ್ತವೆ. ಹಾಲಿನ ಪೊಟ್ಟಣದ ನೀಲಿ, ಮಾತ್ರೆಯ ಗುಲಾಬಿ ಬಣ್ಣ ಇಂಥವು. ಕಂಪನಿ ಬದಲಾದರೆ ಇವುಗಳ ಅರ್ಥವೂ ಬದಲಾಗಬಹುದು.

ಮೂರನೆಯದು ಕೊಳ್ಳುವವರಿಗೆ ಸಂಬಂಧವೇ ಇಲ್ಲದ ಗುಂಪು. ಬಿಸ್ಕತ್ತು ಅಥವಾ ಚಿಪ್ಸ್ ಪೊಟ್ಟಣದ ಅಂಚನ್ನು ಬಿಡಿಸಿ ನೋಡಿದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಬಣ್ಣದ ಸಣ್ಣ ವೃತ್ತಗಳು ಸಾಲಾಗಿ ಕಾಣುತ್ತವೆ. ಮುದ್ರಣದಲ್ಲಿ ಪ್ರತಿಯೊಂದು ಶಾಯಿಯೂ ಸರಿಯಾಗಿ ಬಿದ್ದಿದೆಯೇ ಎಂದು ಮುದ್ರಕರು ನೋಡಿಕೊಳ್ಳುವ ಗುರುತುಗಳು ಅವು. ಟೂತ್‌ಪೇಸ್ಟ್ ಟ್ಯೂಬಿನ ತುದಿಯಲ್ಲಿರುವ ಹಸಿರು, ಕೆಂಪು ಅಥವಾ ಕಪ್ಪು ಚೌಕವೂ ಅಂಥದ್ದೇ. ಟ್ಯೂಬನ್ನು ಎಲ್ಲಿ ಮಡಿಸಿ ಮುಚ್ಚಬೇಕು ಎಂಬುದನ್ನು ಯಂತ್ರದ ಬೆಳಕಿನ ಕಣ್ಣು ಆ ಚೌಕವನ್ನು ನೋಡಿ ತಿಳಿಯುತ್ತದೆ. ಹಸಿರು ಚೌಕವಿದ್ದರೆ ಪೂರ್ತಿ ಗಿಡಮೂಲಿಕೆ, ಕಪ್ಪು ಚೌಕವಿದ್ದರೆ ಪೂರ್ತಿ ರಾಸಾಯನಿಕ ಎಂದು ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಶುದ್ಧ ಸುಳ್ಳು. ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ.

ಮಾತ್ರೆ ಪಟ್ಟಿಯ ಒಂದು ಬದಿಯಲ್ಲಿ ಉದ್ದಕ್ಕೂ ಇರುವ ಕೆಂಪು ಗೆರೆ ಏನು ಹೇಳುತ್ತದೆ?

ವೈದ್ಯರ ಚೀಟಿ ಇಲ್ಲದೆ ಈ ಔಷಧವನ್ನು ಮಾರುವಂತಿಲ್ಲ, ವೈದ್ಯರು ಹೇಳದೆ ನೀವು ತೆಗೆದುಕೊಳ್ಳುವಂತಿಲ್ಲ ಎಂದು ಹೇಳುತ್ತದೆ. ಪಟ್ಟಿಯ ಎಡಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೂ ಸಾಗುವ ಈ ಗೆರೆ ಕನಿಷ್ಠ ಒಂದು ಮಿಲಿಮೀಟರ್ ಅಗಲವಿರಬೇಕು. ಅದರೊಂದಿಗೆ ಇಂಗ್ಲಿಷಿನ ಆರ್ ಅಕ್ಷರದ ಬಾಲಕ್ಕೆ ಅಡ್ಡಗೆರೆ ಎಳೆದಂತೆ ಕಾಣುವ ‘ಆರ್‌ಎಕ್ಸ್’ ಗುರುತೂ, ಸಣ್ಣ ಅಕ್ಷರದ ಎಚ್ಚರಿಕೆಯೂ ಇರುತ್ತವೆ. ಆ ಎಚ್ಚರಿಕೆ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ. ಓದಲು ಬಾರದವರಿಗೂ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ಹಿರಿಯರಿಗೂ ಗೆರೆಯಾದರೂ ಕಾಣಲಿ ಎಂಬುದೇ ಈ ಬಣ್ಣದ ಉದ್ದೇಶ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಕೆಂಪು ಗೆರೆಯ ಬಗ್ಗೆ ದೇಶದಾದ್ಯಂತ ಪ್ರಚಾರ ನಡೆಸಿತ್ತು.

ಹಾಗಾದರೆ ಕೆಂಪು ಗೆರೆ ಇದ್ದರೆ ಅದು ಆ್ಯಂಟಿಬಯೋಟಿಕ್ ಎಂದರ್ಥವೇ?

ಹಾಗೆಂದು ನಂಬಿದವರು ಬಹಳ ಮಂದಿ. ಆ ಪ್ರಚಾರ ಆ್ಯಂಟಿಬಯೋಟಿಕ್ ದುರ್ಬಳಕೆಯ ಮೇಲೆಯೇ ಕೇಂದ್ರೀಕರಿಸಿದ್ದು ಇದಕ್ಕೆ ಕಾರಣ. ಆದರೆ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿ ಅದಕ್ಕಿಂತ ಬಹಳ ದೊಡ್ಡದು. ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಆ್ಯಂಟಿಬಯೋಟಿಕ್ ಅಲ್ಲ, ಆದರೂ ಆ ಪಟ್ಟಿಯಲ್ಲಿದೆ. ಮೈಕೈ ನೋವಿಗೆ ಜನ ಕೇಳಿ ಪಡೆಯುವ ಡೈಕ್ಲೊಫೆನ್ಯಾಕ್ ಕೂಡ ಇದೆ.

ಡೈಕ್ಲೊಫೆನ್ಯಾಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಹರಡುತ್ತದೆ. ಅದರ ಮೊದಲ ದಿನಗಳಲ್ಲಿ ಕಾಣುವುದು ಜ್ವರ, ತಲೆನೋವು ಮತ್ತು ಮೂಳೆ ಮುರಿದಂತಹ ಮೈನೋವು. ನೋವು ತಡೆಯಲಾಗದೆ ಅಂಗಡಿಯಲ್ಲಿ ‘ಸ್ಟ್ರಾಂಗ್ ಆಗಿರುವುದನ್ನು ಕೊಡಿ’ ಎಂದರೆ ಕೈಗೆ ಬರುವುದು ಹೆಚ್ಚಾಗಿ ಡೈಕ್ಲೊಫೆನ್ಯಾಕ್ ಇರುವ ಮಾತ್ರೆ. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ರಕ್ತಸ್ರಾವದ ಅಪಾಯ ಏರುತ್ತದೆ. ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂತಹ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡಿಪಡಿಸುತ್ತವೆ. ಡೆಂಗಿ ಇರಬಹುದೆಂಬ ಅನುಮಾನವಿದ್ದಾಗ ವೈದ್ಯರು ಇವುಗಳನ್ನು ದೂರವಿಟ್ಟು ಪ್ಯಾರಸಿಟಮಾಲ್ ಮಾತ್ರ ಬರೆಯುವುದು ಇದೇ ಕಾರಣಕ್ಕೆ. ಆ ಪಟ್ಟಿಯ ಕೆಂಪು ಗೆರೆಯನ್ನು ನೋಡಿ ಒಂದು ಕ್ಷಣ ನಿಂತವರು ಈ ಅಪಾಯದಿಂದ ಪಾರಾಗುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೂ ಈ ಮಾತ್ರೆಗಳು ಒಳ್ಳೆಯದಲ್ಲ.

ಕೆಲವು ಪಟ್ಟಿಗಳ ಮೇಲೆ ಎಚ್ಚರಿಕೆಯ ಸುತ್ತ ಕೆಂಪು ಚೌಕಟ್ಟೂ ಇರುತ್ತದೆ. ಅದು ಬೇರೆಯೇ?

ಬೇರೆ, ಮತ್ತು ಇನ್ನೂ ಬಿಗಿ. ಅದು ಎಚ್1 ಎಂಬ ವರ್ಗದ ಗುರುತು. ಇದರಲ್ಲಿ ಆರ್‌ಎಕ್ಸ್ ಅಕ್ಷರಗಳೂ ಕೆಂಪಾಗಿರುತ್ತವೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಈ ವರ್ಗದಲ್ಲಿ ಆರಂಭದಲ್ಲಿ 46 ಔಷಧಗಳಿದ್ದವು. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಗಳು, ಟ್ರಮಡಾಲ್‌ನಂತಹ ನೋವಿನ ಮಾತ್ರೆ, ಆಲ್‌ಪ್ರಝೋಲಾಮ್‌ನಂತಹ ನಿದ್ರೆ ತರಿಸುವ ಮಾತ್ರೆ ಇದರಲ್ಲಿ ಸೇರಿವೆ.

ಇವುಗಳನ್ನು ಮಾರುವಾಗ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ನಿಮ್ಮ ಹೆಸರು, ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ಔಷಧದ ಹೆಸರು ಮತ್ತು ಎಷ್ಟು ಕೊಟ್ಟರು ಎಂಬುದನ್ನು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯವರು ನಿಮ್ಮ ಹೆಸರು ಕೇಳಿದರೆ, ಚೀಟಿಯ ಫೋಟೊ ತೆಗೆದುಕೊಂಡರೆ ಬೇಸರಪಟ್ಟುಕೊಳ್ಳಬೇಡಿ. ಅವರು ನಿಯಮದಂತೆ ನಡೆಯುತ್ತಿದ್ದಾರೆ. ಏನೂ ಕೇಳದೆ ಕೊಡುವ ಅಂಗಡಿಯ ಬಗ್ಗೆಯೇ ನನಗೆ ಅನುಮಾನ.

ಮನೋರೋಗದ ಮತ್ತು ನಿದ್ರೆಯ ಕೆಲವು ಮಾತ್ರೆಗಳಲ್ಲಿ ಕೆಂಪು ಬಣ್ಣದ ‘ಎನ್‌ಆರ್‌ಎಕ್ಸ್’ ಎಂದಿರುತ್ತದೆ. ಇದು ಮಾದಕ ವಸ್ತುಗಳ ಕಾಯ್ದೆಗೆ ಒಳಪಟ್ಟ ಔಷಧದ ಗುರುತು. ‘ಎಕ್ಸ್‌ಆರ್‌ಎಕ್ಸ್’ ಎಂದಿದ್ದರೆ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಸಾಮಾನ್ಯ ಮನೆಗಳಿಗೆ ಈ ಎರಡನೆಯದು ಬರುವುದು ಅಪರೂಪ.

ಅಂಗಡಿಯವರು ಪಟ್ಟಿಯನ್ನು ಕತ್ತರಿಸಿ ನಾಲ್ಕೇ ಮಾತ್ರೆ ಕೊಟ್ಟರೆ ಗೆರೆಯನ್ನು ಎಲ್ಲಿ ನೋಡುವುದು?

ಇದು ನಿಜವಾದ ತೊಡಕು. ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿದಾಗ ಔಷಧದ ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ತಯಾರಿಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಇನ್ನೊಂದರಲ್ಲಿ ಉಳಿಯುತ್ತವೆ. ಕೆಂಪು ಗೆರೆ ಒಂದೇ ಬದಿಯಲ್ಲಿರುವುದರಿಂದ ಬಲಭಾಗದ ತುಂಡು ಪಡೆದವರಿಗೆ ಅದು ಕಾಣುವುದೇ ಇಲ್ಲ. ಅಂಥ ತುಂಡನ್ನು ಮನೆಯ ಡಬ್ಬಿಯಲ್ಲಿ ಹಾಕಿಟ್ಟರೆ ಆರು ತಿಂಗಳ ನಂತರ ಅದು ಯಾವ ಮಾತ್ರೆ, ಯಾರಿಗೆ ಬರೆದದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಕತ್ತರಿಸುವ ಮೊದಲು ಪೂರ್ತಿ ಪಟ್ಟಿಯನ್ನು ಕೈಗೆ ಕೇಳಿ. ಎರಡೂ ಬದಿ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಇದೆಯೇ ನೋಡಿ. ಸಂಜೆ ಜನಜಂಗುಳಿ ಇರುವ ಅಂಗಡಿಯಲ್ಲಿ ಇದನ್ನು ಕೇಳಲು ಸಂಕೋಚವಾಗುತ್ತದೆ, ನಿಜ. ಆದರೂ ಕೇಳಬೇಕು.

ಒಂದೇ ಚೀಟಿಗೆ ಮೂರು ಬಗೆಯ ಪಟ್ಟಿಗಳು ಬಂದವು. ಬಣ್ಣ ನೋಡಿ ಹೇಗೆ ವಿಂಗಡಿಸುವುದು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಜಾಜಿನಗರದ ಒಬ್ಬ ಅಜ್ಜಿಗೆ ಮೂತ್ರದ ಸೋಂಕು. ವೈದ್ಯರು ಸೆಫಿಕ್ಸಿಮ್ 200 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡರಂತೆ ಐದು ದಿನ ಬರೆದಿದ್ದಾರೆ. ಅವರು ಈಗಾಗಲೇ ತೆಗೆದುಕೊಳ್ಳುತ್ತಿರುವ ಅಟೊರ್ವಾಸ್ಟಾಟಿನ್ ಮುಂದುವರಿಯಲಿ ಎಂದಿದ್ದಾರೆ. ಜೊತೆಗೆ ಒಂದು ವಿಟಮಿನ್ ಮಾತ್ರೆ. ಮೊಮ್ಮಗ ಚೀಲ ತಂದು ಮೇಜಿನ ಮೇಲೆ ಸುರಿಯುತ್ತಾನೆ.

ಮೊದಲ ಪಟ್ಟಿಯಲ್ಲಿ ಕೆಂಪು ಗೆರೆ, ಕೆಂಪು ಚೌಕಟ್ಟು ಎರಡೂ ಇವೆ. ಇದು ಸೆಫಿಕ್ಸಿಮ್. ದಿನಕ್ಕೆ ಎರಡರಂತೆ ಐದು ದಿನಕ್ಕೆ ಹತ್ತು ಮಾತ್ರೆ, ಅಂದರೆ ಹತ್ತರ ಪಟ್ಟಿ ಸರಿಯಾಗಿ ಖಾಲಿಯಾಗಬೇಕು. ಮೂರನೆಯ ದಿನ ಉರಿ ಕಡಿಮೆಯಾಯಿತೆಂದು ಅಜ್ಜಿ ತಮ್ಮಷ್ಟಕ್ಕೆ ನಿಲ್ಲಿಸಿದರೆ ಪಟ್ಟಿಯಲ್ಲಿ ಮಾತ್ರೆಗಳು ಉಳಿಯುತ್ತವೆ. ಹಾಗೆ ಉಳಿದ ಮಾತ್ರೆಗಳೇ ಮುಂದೆ ನೆಗಡಿ ಬಂದ ಮಗುವಿನ ಬಾಯಿಗೋ ಪಕ್ಕದ ಮನೆಯವರ ಕೈಗೋ ಹೋಗುತ್ತವೆ. ನೆಗಡಿ ವೈರಸ್‌ನಿಂದ ಬರುವಂಥದ್ದು, ಅದರ ಮೇಲೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಮಾತ್ರ ಆ ಔಷಧವನ್ನು ತಾಳಿಕೊಳ್ಳುವುದನ್ನು ಕಲಿಯುತ್ತವೆ. ನಿಜವಾದ ಸೋಂಕು ಬಂದ ದಿನ ಅದೇ ಔಷಧ ನಾಟುವುದಿಲ್ಲ. ಮಾತ್ರೆ ಹೊಂದದೆ ಮೈ ತುರಿಸಿದರೆ, ವಾಂತಿಯಾದರೆ ವೈದ್ಯರಿಗೆ ಫೋನ್ ಮಾಡಿ. ನಿಲ್ಲಿಸಬೇಕೋ ಬೇಡವೋ ಎಂದು ಅವರೇ ಹೇಳಲಿ.

ಎರಡನೆಯದರಲ್ಲಿ ಕೆಂಪು ಗೆರೆ ಇದೆ, ಚೌಕಟ್ಟು ಇಲ್ಲ. ಇದು ಅಟೊರ್ವಾಸ್ಟಾಟಿನ್. ಇಲ್ಲಿ ಗೆರೆಗೆ ಹೆದರಿ ಮಾತ್ರೆ ಬಿಟ್ಟರೆ ತಪ್ಪಾಗುತ್ತದೆ. ಕೆಂಪು ಎಂದರೆ ವಿಷ ಎಂದಲ್ಲ. ವೈದ್ಯರು ಹೇಳಿರುವಾಗ ಪ್ರತಿದಿನ ತೆಗೆದುಕೊಳ್ಳಬೇಕು, ಅವರು ಹೇಳದೆ ಶುರು ಮಾಡಬಾರದು, ಅವರನ್ನು ಕೇಳದೆ ನಿಲ್ಲಿಸಲೂಬಾರದು.

ಮೂರನೆಯದರಲ್ಲಿ ಕೆಂಪು ಗೆರೆಯೇ ಇಲ್ಲ, ಬದಲಿಗೆ ಚೌಕದೊಳಗೆ ಹಸಿರು ಚುಕ್ಕೆ ಇದೆ. ಇದಕ್ಕೆ ಪ್ರತ್ಯೇಕ ಉತ್ತರ ಬೇಕು.

ಔಷಧಿ ಅಂಗಡಿಯಲ್ಲಿ ಕೊಂಡ ಪಟ್ಟಿಯ ಮೇಲೆ ಹಸಿರು ಚುಕ್ಕೆ ಏಕೆ?

ಕಾನೂನಿನ ಲೆಕ್ಕದಲ್ಲಿ ಅದು ಔಷಧವಲ್ಲ, ಆಹಾರ. ಹತ್ತಿರದಿಂದ ನೋಡಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಚಿಹ್ನೆ, 14 ಅಂಕಿಗಳ ಪರವಾನಗಿ ಸಂಖ್ಯೆ, ಇದು ಆರೋಗ್ಯ ಪೂರಕ ಎಂಬ ಮಾತು, ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು ಕಾಣುತ್ತವೆ. ಆಕಾರ ಮಾತ್ರೆಯದು, ಪಟ್ಟಿ ಮಾತ್ರೆಯದು, ಕೊಟ್ಟದ್ದು ಔಷಧಿ ಅಂಗಡಿಯವರು. ಆದರೆ ರೋಗವನ್ನು ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವ ಹಕ್ಕು ಅದಕ್ಕಿಲ್ಲ.

ಸಾಮಾನ್ಯ ಕೊಳ್ಳುವವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಗುರುತು ಇದೇ ಎಂದು ನನಗನ್ನಿಸುತ್ತದೆ. ಕೀಲುನೋವಿಗೆ, ಕೂದಲಿಗೆ, ನರದೌರ್ಬಲ್ಯಕ್ಕೆ ಎಂದು ಕೊಡುವ ದುಬಾರಿ ಪಟ್ಟಿಯಲ್ಲಿ ಹಸಿರು ಚುಕ್ಕೆ ಕಂಡರೆ ‘ಇದು ಇಲ್ಲದೆ ನಡೆಯುತ್ತದೆಯೇ?’ ಎಂದು ವೈದ್ಯರನ್ನು ಧಾರಾಳವಾಗಿ ಕೇಳಬಹುದು. ಕೆಲವೊಮ್ಮೆ ನಿಜವಾಗಿಯೂ ಬೇಕಾಗಿರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಇನ್ನೊಂದು ಮಾತು. ಚೀಟಿಯಲ್ಲಿ ಬರೆದ ವಿಟಮಿನ್ ಔಷಧದ ಬದಲಿಗೆ ‘ಅದೇ ತರಹದ್ದು’ ಎಂದು ಅಂಗಡಿಯಲ್ಲಿ ಪೂರಕವನ್ನು ಕೊಟ್ಟಿದ್ದರೆ, ಅದರಲ್ಲಿರುವ ಪ್ರಮಾಣ ವೈದ್ಯರು ಬಯಸಿದ್ದಕ್ಕಿಂತ ಕಡಿಮೆ ಇರಬಹುದು. ಹೆಸರಿನ ಜೊತೆ ಮಿಲಿಗ್ರಾಂ ಸಂಖ್ಯೆಯನ್ನೂ ಚೀಟಿಯೊಂದಿಗೆ ತಾಳೆ ನೋಡಿ.

ಕ್ಯಾಪ್ಸೂಲ್ ಮೇಲೆ ಹಸಿರು ಚುಕ್ಕೆ ಇಲ್ಲದಿದ್ದರೆ ಅದು ಮಾಂಸಾಹಾರವೇ?

ಔಷಧಗಳಿಗೆ ಆ ಚುಕ್ಕೆಯ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ಚುಕ್ಕೆ ಇಲ್ಲದಿರುವುದರಿಂದ ಏನೂ ತಿಳಿಯುವುದಿಲ್ಲ. ಬಹಳಷ್ಟು ಕ್ಯಾಪ್ಸೂಲ್‌ಗಳ ಕವಚ ಜೆಲಟಿನ್‌ನಿಂದ ಆಗಿರುತ್ತದೆ. ಜೆಲಟಿನ್ ಬರುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಸಸ್ಯಮೂಲದ ಸೆಲ್ಯುಲೋಸ್ ಕವಚಗಳೂ ಇವೆ. ವ್ರತ, ನಿಯಮ ಇರುವವರು ವೈದ್ಯರಿಗೆ ಮೊದಲೇ ಹೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಮಾತ್ರೆಯ ರೂಪದಲ್ಲಿ ಅದೇ ಔಷಧ ಸಿಗುತ್ತದೆ. ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುವುದು ಬೇಡ. ಕೆಲವು ಔಷಧಗಳು ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಹಾಳಾಗುತ್ತವೆ, ಇನ್ನು ಕೆಲವು ನಿಧಾನವಾಗಿ ಬಿಡುಗಡೆಯಾಗಬೇಕಾದವು ಒಮ್ಮೆಗೇ ರಕ್ತಕ್ಕೆ ಸೇರುತ್ತವೆ.

ಕಳೆದ ತಿಂಗಳು ಬಿಪಿ ಮಾತ್ರೆ ಬಿಳಿಯಾಗಿತ್ತು, ಈ ಸಲ ಹಳದಿ. ಬೇರೆ ಔಷಧ ಕೊಟ್ಟಿದ್ದಾರೆಯೇ?

ಬಣ್ಣವೊಂದರಿಂದಲೇ ಹೇಳಲಾಗದು. ಮಾತ್ರೆಯ ಬಣ್ಣ ಕಂಪನಿಯ ಆಯ್ಕೆ. ಜನೌಷಧಿ ಕೇಂದ್ರದ್ದೂ ಖಾಸಗಿ ಅಂಗಡಿಯದ್ದೂ ಒಂದೇ ಔಷಧವಾಗಿದ್ದು ಬಣ್ಣ ಬೇರೆ ಇರಬಹುದು. ಪಟ್ಟಿಯ ಮೇಲೆ ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಇರುತ್ತದೆ. ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಅವೆರಡನ್ನು ಹೋಲಿಸಿ. ಎರಡೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ಇಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಬಿಳಿಯದೂ ಹಳದಿಯದೂ ಬೇರೆ ಬೇರೆ ಎಂದುಕೊಂಡು ಎರಡನ್ನೂ ನುಂಗುವುದು. ಬಣ್ಣದ ಮೇಲೆಯೇ ಮಾತ್ರೆ ಗುರುತಿಸುವ ಹಿರಿಯರಿರುವ ಮನೆಯಲ್ಲಿ ಹೊಸ ಪಟ್ಟಿ ಬಂದಾಗ ಹಳೆಯದನ್ನು ಡಬ್ಬಿಯಿಂದ ತೆಗೆದುಬಿಡಿ.

ಬಣ್ಣಕ್ಕೆ ನಿಶ್ಚಿತ ಅರ್ಥವಿರುವ ಮಾತ್ರೆಗಳೂ ಇವೆ. ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಗಳಲ್ಲಿ ಗುಲಾಬಿ ಬಣ್ಣದ್ದು 5ರಿಂದ 9 ವರ್ಷದ ಮಕ್ಕಳಿಗೆ, ನೀಲಿ 10ರಿಂದ 19 ವರ್ಷದವರಿಗೆ, ಕೆಂಪು ಗರ್ಭಿಣಿಯರು ಮತ್ತು ಬಾಣಂತಿಯರೂ ಸೇರಿದಂತೆ ಮಹಿಳೆಯರಿಗೆ. ಶಾಲೆಯಲ್ಲಿ ಮಗಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೇ. ಗುಲಾಬಿಯಲ್ಲಿ 45 ಮಿಲಿಗ್ರಾಂ ಕಬ್ಬಿಣವಿದ್ದರೆ ಉಳಿದೆರಡರಲ್ಲಿ 60 ಮಿಲಿಗ್ರಾಂ ಇರುತ್ತದೆ. ಹಾಗಾಗಿ ಅಮ್ಮನ ಕೆಂಪು ಮಾತ್ರೆ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಬೇಕು. ಮಿಠಾಯಿಯೆಂದು ತಿಂದು ಕಬ್ಬಿಣ ಹೆಚ್ಚಾದರೆ ಚಿಕ್ಕ ಮಕ್ಕಳ ಜೀವಕ್ಕೇ ಅಪಾಯ.

ಆಹಾರದ ಪೊಟ್ಟಣದ ಹಸಿರು ಚುಕ್ಕೆಯ ಬಗ್ಗೆ ಗೊತ್ತಿದೆ. ಕಂದು ತ್ರಿಕೋನ ಯಾವಾಗ ಬಂತು?

ಮೊದಲು ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತು. ಎರಡೂ ದುಂಡಗಿದ್ದುದರಿಂದ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದ ವರ್ಣಾಂಧರಿಗೆ ಅವು ಒಂದೇ ತರಹ ತೋರುತ್ತಿದ್ದವು. 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರದ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನವನ್ನಾಗಿ ಬದಲಿಸಲಾಯಿತು. ಈಗ ಬಣ್ಣ ಕಾಣದವರು ಆಕಾರ ನೋಡಿ ತಿಳಿಯಬಹುದು. ಸಣ್ಣ ಬದಲಾವಣೆಯಾದರೂ ಬಹಳ ಒಳ್ಳೆಯದು.

ಮೊಟ್ಟೆ ಬಿದ್ದ ಯಾವುದೇ ಪದಾರ್ಥ ಕಂದು ಗುರುತಿನಡಿ ಬರುತ್ತದೆ. ಮನೆಯಲ್ಲಿ ‘ಮೊಟ್ಟೆ ಸಸ್ಯಾಹಾರವೇ’ ಎಂದು ಎಷ್ಟು ವಾದಿಸಿದರೂ ಲೇಬಲ್ಲಿನ ಲೆಕ್ಕ ಇಷ್ಟೇ. ಹಾಲು, ಹಾಲಿನ ಪದಾರ್ಥಗಳು ಮತ್ತು ಜೇನುತುಪ್ಪವನ್ನು ಮಾಂಸಾಹಾರದ ಅರ್ಥದಿಂದ ಹೊರಗಿಟ್ಟಿದ್ದಾರೆ. ಆದ್ದರಿಂದ ಹಾಲನ್ನೂ ಬಿಟ್ಟವರಿಗೆ ಹಸಿರು ಚುಕ್ಕೆ ಸಾಲದು. ಅವರು ವೀಗನ್ ಎಂಬ ಪ್ರತ್ಯೇಕ ಹಸಿರು ಚಿಹ್ನೆಯನ್ನು ನೋಡಬೇಕು. ಬಡಾವಣೆಯ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿರುವ ಬಿಡಿ ಕೇಕಿಗೆ ಪೊಟ್ಟಣವಿಲ್ಲ, ಹಾಗಾಗಿ ಪೊಟ್ಟಣದ ಮೇಲಿನ ಗುರುತೂ ಇರುವುದಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳಲೇಬೇಕು.

ಹಸಿರು ಎಂದರೆ ಆರೋಗ್ಯಕ್ಕೆ ಒಳ್ಳೆಯದು ಎಂದಲ್ಲವೇ?

ಅಲ್ಲ. ಎಣ್ಣೆಯಲ್ಲಿ ಕರಿದ ಆಲೂ ಚಿಪ್ಸ್‌ಗೂ ಸಕ್ಕರೆ ತುಂಬಿದ ಮಿಠಾಯಿಗೂ ಹಸಿರು ಚುಕ್ಕೆಯೇ ಇರುತ್ತದೆ. ಅದು ಹೇಳುವುದು ಮೂಲವನ್ನು ಮಾತ್ರ. ಸಕ್ಕರೆ, ಉಪ್ಪು, ಕೊಬ್ಬು ಎಷ್ಟಿದೆ ಎಂದು ತಿಳಿಯಲು ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನೇ ಓದಬೇಕು. ಉಪ್ಪು, ಎಣ್ಣೆ, ಅಕ್ಕಿ, ಗೋಧಿಹಿಟ್ಟಿನ ಪೊಟ್ಟಣದ ಮೇಲೆ ಪ್ಲಸ್ ಗುರುತಿನೊಂದಿಗೆ ‘ಎಫ್’ ಅಕ್ಷರದ ನೀಲಿ ಚಿಹ್ನೆ ಇದ್ದರೆ ಅದಕ್ಕೆ ವಿಟಮಿನ್ ಅಥವಾ ಖನಿಜ ಸೇರಿಸಲಾಗಿದೆ ಎಂದರ್ಥ.

ದೀಪದ ಎಣ್ಣೆಯ ಬಾಟಲಿಯ ಮೇಲೆ ಕಪ್ಪು ಅಡ್ಡಗೆರೆಗಳ ಚೌಕ ಇದೆ. ಅದೇನು?

ಮನುಷ್ಯರು ತಿನ್ನಲು ಅಲ್ಲ ಎಂಬ ಗುರುತು. ಪೂಜೆಗೆಂದು ಮಾರುವ ಎಣ್ಣೆ ಮತ್ತು ದೀಪಕ್ಕೆಂದು ಮಾರುವ ತುಪ್ಪದ ಮೇಲೆ ಚೌಕದೊಳಗೆ ಕಪ್ಪು ಕತ್ತರಿ ಗುರುತು ಇರಬೇಕು. ಹಬ್ಬದ ಸಮಯದಲ್ಲಿ ದಿನಸಿ ಅಂಗಡಿಯವರು ಇದನ್ನು ಅಡುಗೆ ಎಣ್ಣೆ, ತುಪ್ಪದ ಸಾಲಿನಲ್ಲೇ ಇಟ್ಟಿರುತ್ತಾರೆ. ಬಾಟಲಿಯೂ ಹಾಗೆಯೇ ಕಾಣುತ್ತದೆ, ಬೆಲೆ ಮಾತ್ರ ಕಡಿಮೆ. ತುಪ್ಪ ಬಹಳ ಅಗ್ಗವಾಗಿ ಸಿಕ್ಕಿತೆಂದು ಸಂತೋಷಪಡುವ ಮೊದಲು ಈ ಗುರುತು ಹುಡುಕಿ, ಮತ್ತು ಅಂಥ ಬಾಟಲಿಯನ್ನು ಅಡುಗೆಮನೆಗೆ ತರದೆ ದೇವರ ಮನೆಯಲ್ಲೇ ಇಡಿ.

ಹಾಲಿನ ಪೊಟ್ಟಣದ ಬಣ್ಣಗಳು?

ಕಾನೂನು ಹಾಲಿನ ಬಗೆಗಳನ್ನು ಹೆಸರಿಸಿದೆ, ಬಣ್ಣವನ್ನಲ್ಲ. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3ರಷ್ಟು, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5ರಷ್ಟು, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6ರಷ್ಟು ಕೊಬ್ಬು ಇರಬೇಕು. ಬೆಂಗಳೂರಿನಲ್ಲಿ ‘ನೀಲಿ ಪ್ಯಾಕೆಟ್’ ಎಂದರೆ ನಂದಿನಿಯ ಟೋನ್ಡ್ ಹಾಲು ಎಂದು ಎಲ್ಲರಿಗೂ ಗೊತ್ತು. ಬೇರೆ ಡೇರಿಯ ಹಾಲು ಕೊಳ್ಳುವಾಗ ಬಣ್ಣ ನಂಬದೆ ಬಗೆಯ ಹೆಸರನ್ನು ಓದಿಕೊಳ್ಳಿ.

ಕೆಂಪು ಸಿಲಿಂಡರಿಗೂ ನೀಲಿ ಸಿಲಿಂಡರಿಗೂ ಒಳಗಿನ ಗ್ಯಾಸಿನಲ್ಲಿ ವ್ಯತ್ಯಾಸವಿದೆಯೇ?

ಎರಡರಲ್ಲೂ ಎಲ್‌ಪಿಜಿಯೇ ಇರುತ್ತದೆ. ಕೆಂಪು ಬಣ್ಣದ 14.2 ಕೆ.ಜಿ. ಸಿಲಿಂಡರ್ ಮನೆ ಬಳಕೆಗೆ, ನೀಲಿಯ 19 ಕೆ.ಜಿ. ಸಿಲಿಂಡರ್ ಹೋಟೆಲು, ಕಲ್ಯಾಣ ಮಂಟಪಗಳಿಗೆ. ಬೆಲೆ ಮತ್ತು ತೆರಿಗೆ ಬೇರೆ ಬೇರೆ. ದರ್ಶಿನಿಯಲ್ಲೋ ತಳ್ಳುಗಾಡಿಯಲ್ಲೋ ಕೆಂಪು ಸಿಲಿಂಡರ್ ಉರಿಯುತ್ತಿದ್ದರೆ ಅದು ನಿಯಮ ಮುರಿದಂತೆ.

ಕೆಂಪು ಬಣ್ಣ ಸುರಕ್ಷತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸ ಬಣ್ಣದಿಂದ ಮಿನುಗುವ ಸಿಲಿಂಡರಿನ ಪರೀಕ್ಷೆಯ ಅವಧಿ ಮುಗಿದಿರಬಹುದು, ಬಣ್ಣ ಮಾಸಿದ್ದರ ಅವಧಿ ಇನ್ನೂ ಇರಬಹುದು. ಅದನ್ನು ಹೇಳುವುದು ಅಕ್ಷರ ಮತ್ತು ಸಂಖ್ಯೆ. ಸಿಲಿಂಡರಿನ ತಲೆಯ ಮೇಲಿರುವ ದುಂಡನೆಯ ಹಿಡಿಕೆಯನ್ನು ಹೊತ್ತು ನಿಂತ ಪಟ್ಟಿಗಳಿವೆಯಲ್ಲ, ಅವುಗಳಲ್ಲಿ ಒಂದರ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮತ್ತು ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ‘ಬಿ-29’ ಎಂದಿದ್ದರೆ 2029ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಕೆಡುವುದು ಗ್ಯಾಸ್ ಅಲ್ಲ, ಉಕ್ಕಿನ ಪಾತ್ರೆ ಮತ್ತು ಅದರ ವಾಲ್ವ್ ಸವೆಯುತ್ತವೆ. ಅವಧಿ ದಾಟಿದ ಸಿಲಿಂಡರ್ ಬಂದರೆ ಬದಲಿಸಿ ಕೊಡಿ ಎಂದು ಬಾಗಿಲಲ್ಲೇ ಹೇಳಿ.

ಅಲ್ಲಿಯೇ ಖಾಲಿ ತೂಕವೂ ಬರೆದಿರುತ್ತದೆ. ಅದು 15.6 ಎಂದಿದ್ದರೆ ತುಂಬಿದ ಸಿಲಿಂಡರ್ 29.8 ಕೆ.ಜಿ. ತೂಗಬೇಕು. ತಂದುಕೊಡುವವರ ಬಳಿ ತಕ್ಕಡಿ ಇರಬೇಕು, ತೂಗಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಪಿ.ಜಿ.ಯಲ್ಲಿರುವ ಮಗನಿಗೆ ಅಂಗಡಿಯಲ್ಲಿ ಸಿಗುವ ಸಣ್ಣ ಸಿಲಿಂಡರ್ ಕೊಡಿಸಬಹುದೇ?

ತೈಲ ಕಂಪನಿಗಳೇ ಮಾರುವ 5 ಕೆ.ಜಿ. ಸಿಲಿಂಡರ್ ಇದೆ, ಗುರುತಿನ ಚೀಟಿ ತೋರಿಸಿ ಪಡೆಯಬಹುದು. ಅದರ ಮೇಲೆ ಕಂಪನಿಯ ಹೆಸರು, ಖಾಲಿ ತೂಕ, ಪರೀಕ್ಷೆಯ ಅಕ್ಷರ ಎಲ್ಲವೂ ಇರುತ್ತವೆ. ಪಾತ್ರೆ ಅಂಗಡಿಯಲ್ಲಿ ನೇತುಹಾಕಿರುವ, ಇದಾವುದೂ ಇಲ್ಲದ ಬಣ್ಣದ ಡಬ್ಬಿಗಳನ್ನು ಖಂಡಿತ ಕೊಳ್ಳಬೇಡಿ. ಅವುಗಳಿಗೆ ದೊಡ್ಡ ಸಿಲಿಂಡರಿನಿಂದ ಕಳ್ಳತನದಲ್ಲಿ ಗ್ಯಾಸ್ ಇಳಿಸುತ್ತಾರೆ. ಎಷ್ಟು ತುಂಬಿದೆ ಎಂಬ ಅಳತೆಯೇ ಅಲ್ಲಿರುವುದಿಲ್ಲ. ದ್ರವ ಹಿಗ್ಗಲು ಮೇಲೆ ಖಾಲಿ ಜಾಗ ಉಳಿಯದಿದ್ದರೆ ಬಿಸಿಲಿಗೆ ಡಬ್ಬಿಯೇ ಸಿಡಿಯಬಹುದು.

ಅಪ್ಪನಿಗೆ ಮನೆಯಲ್ಲಿ ಆಮ್ಲಜನಕ ಬೇಕಾಗಿದೆ. ಬಾಡಿಗೆ ಸಿಲಿಂಡರ್ ತರುವಾಗ ಬಣ್ಣ ನೋಡಬೇಕೇ?

ನೋಡಲೇಬೇಕು. ವೈದ್ಯಕೀಯ ಆಮ್ಲಜನಕದ ಸಿಲಿಂಡರಿಗೆ ಕಪ್ಪು ಮೈ, ಬಿಳಿ ಹೆಗಲು. ಪೂರ್ತಿ ಕಪ್ಪಾಗಿದ್ದರೆ ಅದು ವೆಲ್ಡಿಂಗ್ ಅಂಗಡಿಗಳಿಗೆ ಹೋಗುವ ಕೈಗಾರಿಕಾ ಆಮ್ಲಜನಕ, ಕಡುಗೆಂಪು ಬಣ್ಣದ್ದು ಅಸಿಟಿಲಿನ್. ಬಣ್ಣ ಸರಿಯಿದ್ದರೂ ಮೈಮೇಲೆ ಬರೆದಿರುವ ಅನಿಲದ ಹೆಸರನ್ನೂ ಲೇಬಲ್ಲನ್ನೂ ಓದಿಯೇ ತೆಗೆದುಕೊಳ್ಳಿ, ಏಕೆಂದರೆ ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಆ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚಬೇಡಿ. ವಾಲ್ವ್‌ಗೆ ಎಣ್ಣೆ ಅಥವಾ ಗ್ರೀಸ್ ಸೋಕಿಸಬೇಡಿ, ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು.

ತೊಂದರೆಯಾದರೆ ಯಾರಿಗೆ ಹೇಳುವುದು?

ಎಲ್‌ಪಿಜಿ ಸೋರಿಕೆಗೆ 1906, ದಿನದ ಯಾವ ಹೊತ್ತಿನಲ್ಲಾದರೂ. ಕರೆ ಮಾಡುವ ಮೊದಲು ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಪೊಟ್ಟಣದ ತಪ್ಪು ಗುರುತು, ತೂಕದ ಮೋಸ, ಬಿಲ್ ಕೊಡದ ಅಂಗಡಿಯಂತಹ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಚೀಟಿಯಿಲ್ಲದೆ ಕೆಂಪು ಗೆರೆಯ ಮಾತ್ರೆ ಮಾರುವ ಅಂಗಡಿಯ ಬಗ್ಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಬಹುದು. ಆಗ ಬಿಲ್ ಮತ್ತು ಪಟ್ಟಿಯ ಎರಡೂ ಬದಿಯ ಚಿತ್ರ ಜೊತೆಯಲ್ಲಿರಲಿ.